ಶಿಕ್ಷಕರ ಸಂದರ್ಶನದ ಡೆಮೊ ಪಾಠ ಮತ್ತು ತರಗತಿ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಶಾಲೆಗಳಿಗೆ ಅರ್ಜಿ ಹಾಕಿದ ಅಭ್ಯರ್ಥಿಗಳು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಡೆಮೊ ಪಾಠದ ಬಗ್ಗೆ ಎಲ್ಲ ವಿಷಯಗಳಿಗೂ ಹೊಂದುವ ಸಲಹೆ ಕೊಡುವ ಬದಲು, ಐದನೆಯ ತರಗತಿಯ ಗಣಿತದ ಒಂದೇ ಪಾಠವನ್ನು, ಅಂದರೆ 1/3 ಮತ್ತು 1/4 ಇವುಗಳಲ್ಲಿ ಯಾವುದು ದೊಡ್ಡದು ಎಂಬುದನ್ನು, ಉದ್ದಕ್ಕೂ ಉದಾಹರಣೆಯಾಗಿ ಬಳಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಡೆಮೊ ಎಲ್ಲಾ ಕಡೆ ಇರತದೇನ್ರಿ? ಸರ್ಕಾರಿ ನೌಕರಿಗೂ ಕೊಡಬೇಕಾ?

ರಾಜ್ಯ ಸರ್ಕಾರದ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ ಸ್ಪರ್ಧಾತ್ಮಕ ಪರೀಕ್ಷೆ ಮತ್ತು ಅರ್ಹತೆಯ ಅಂಕಗಳ ಮೇಲೆ ನಡೆಯುತ್ತದೆ. ಅಲ್ಲಿ ಡೆಮೊ ಪಾಠ ಇರುವುದಿಲ್ಲ. ಡೆಮೊ ಕೇಳುವುದು ಬಹುಮಟ್ಟಿಗೆ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷದ ಅವಕಾಶ ಇರುತ್ತದೆ. ಕೆಲವು ಶಾಲೆಗಳು ಪಾಠದ ವಿಷಯವನ್ನು ಹಿಂದಿನ ದಿನವೇ ತಿಳಿಸುತ್ತವೆ, ಕೆಲವು ಪಠ್ಯಪುಸ್ತಕವನ್ನು ಕೈಗೆ ಕೊಟ್ಟು ಅರ್ಧ ಗಂಟೆಯಲ್ಲಿ ಸಿದ್ಧರಾಗಲು ಹೇಳುತ್ತವೆ. ಸಂದರ್ಶನಕ್ಕೆ ಕರೆ ಬಂದಾಗಲೇ ತರಗತಿ ಯಾವುದು, ಮಾಧ್ಯಮ ಯಾವುದು, ಎಷ್ಟು ನಿಮಿಷ, ಎದುರಿಗೆ ಮಕ್ಕಳು ಇರುತ್ತಾರೆಯೇ ಎಂಬ ನಾಲ್ಕನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಿ. ಹೀಗೆ ಕೇಳುವುದರಿಂದ ಯಾರೂ ನಿಮ್ಮನ್ನು ಕಡಿಮೆ ಎಣಿಸುವುದಿಲ್ಲ.

ಮಕ್ಕಳೇ ಇಲ್ಲದ ಖಾಲಿ ಕೋಣೆಯಲ್ಲಿ ಪಾಠ ಮಾಡು ಅಂದರೆ ಏನು ಮಾಡಬೇಕು?

ನಮ್ಮ ಕಡೆ ಇದು ಬಹಳ ಸಾಮಾನ್ಯ. ಸಂದರ್ಶನಗಳು ಹೆಚ್ಚಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಡೆಯುತ್ತವೆ, ಆಗ ಮಕ್ಕಳು ಬೇಸಿಗೆ ರಜೆಯಲ್ಲಿರುತ್ತಾರೆ. ಹೀಗಾಗಿ ಮುಖ್ಯೋಪಾಧ್ಯಾಯರು, ಶಾಲೆಯ ಇತರ ಶಿಕ್ಷಕರು, ಕೆಲವೊಮ್ಮೆ ನಿಮ್ಮ ಜೊತೆ ಬಂದ ಅಭ್ಯರ್ಥಿಗಳೇ ಬೆಂಚಿನ ಮೇಲೆ ವಿದ್ಯಾರ್ಥಿಗಳಂತೆ ಕುಳಿತುಕೊಳ್ಳುತ್ತಾರೆ. ಆಗ ಹಿರಿಯರ ಮುಂದೆ ಉಪನ್ಯಾಸ ಕೊಡುವ ಧಾಟಿಗೆ ಜಾರುವುದು ಸಹಜ, ಅದನ್ನು ತಡೆಯಬೇಕು. ಪಾಠ ಆರಂಭಿಸುವ ಮೊದಲು "ಈ ಹದಿನೈದು ನಿಮಿಷ ತಾವು ಐದನೆಯ ತರಗತಿಯ ಮಕ್ಕಳೆಂದು ಭಾವಿಸಿ ಪಾಠ ಮಾಡುತ್ತೇನೆ, ಪ್ರಶ್ನೆಗಳಿಗೆ ದಯವಿಟ್ಟು ಮಕ್ಕಳಂತೆಯೇ ಉತ್ತರಿಸಬೇಕು" ಎಂದು ವಿನಂತಿಸಿ. ಅದರಲ್ಲಿ ಒಬ್ಬರು ಬೇಕೆಂದೇ ತಪ್ಪು ಉತ್ತರ ಕೊಡುತ್ತಾರೆ, ಇನ್ನೊಬ್ಬರು ಪಕ್ಕದವರ ಜೊತೆ ಮಾತಾಡುತ್ತಾರೆ. ಅದು ಅವಮಾನವಲ್ಲ, ಪರೀಕ್ಷೆಯ ಒಂದು ಭಾಗ. ನಿಜವಾದ ಮಗುವಿಗೆ ಏನು ಹೇಳುತ್ತಿದ್ದಿರೋ ಅದನ್ನೇ ಅವರಿಗೂ ಹೇಳಿ. ನಗುತ್ತ ನಟನೆಯಿಂದ ಹೊರಬಂದರೆ ಪಾಠದ ಎಳೆ ಅಲ್ಲಿಯೇ ಕಡಿಯುತ್ತದೆ.

## ಪಾಠದ ಸಿದ್ಧತೆ

ಭಿನ್ನರಾಶಿ ಪಾಠ ಇಡೀ ಹದಿನೈದು ನಿಮಿಷದಲ್ಲಿ ಹೆಂಗ ಮುಗಸೋದು?

ಮುಗಿಸುವುದಕ್ಕೆ ಹೋಗಬೇಡಿ. ಡೆಮೊ ಕೆಡುವುದಕ್ಕೆ ನಾನು ಕಂಡ ಅತಿ ದೊಡ್ಡ ಕಾರಣ ಇದೇ: ಅಭ್ಯರ್ಥಿ ಭಿನ್ನರಾಶಿಯ ವ್ಯಾಖ್ಯೆ, ಅಂಶ, ಛೇದ, ವಿಧಗಳು, ಸಂಕಲನ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ತುಂಬುತ್ತಾರೆ, ಸಮಯ ಮುಗಿಯುತ್ತದೆ, ಮಗುವಿಗೆ ಏನು ತಿಳಿಯಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಹದಿನೈದು ನಿಮಿಷಕ್ಕೆ ಒಂದೇ ಕಲಿಕಾಂಶ ಸಾಕು, ಮತ್ತು ಅದನ್ನು ಮಗು ಮಾಡಿ ತೋರಿಸಬಹುದಾದ ವಾಕ್ಯವಾಗಿ ಬರೆದುಕೊಳ್ಳಬೇಕು. "ಭಿನ್ನರಾಶಿಗಳನ್ನು ತಿಳಿಯುವರು" ಎಂದು ಪಾಠ ಯೋಜನೆಯಲ್ಲಿ ಬರೆದರೆ ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲ. "ಅಂಶ 1 ಇರುವ ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಎಂದು ಹೇಳಿ, ಕಾರಣವನ್ನು ತಮ್ಮ ಮಾತಿನಲ್ಲಿ ಕೊಡುವರು" ಎಂದು ಬರೆದರೆ ಕೊನೆಯಲ್ಲಿ ಏನು ಕೇಳಬೇಕೆಂಬುದೂ ಅದರಲ್ಲೇ ಇದೆ.

ಈ ಕಲಿಕಾಂಶವನ್ನು ಆರಿಸಲು ಒಂದು ಕಾರಣವಿದೆ. 1/3 ಮತ್ತು 1/4 ಕೊಟ್ಟರೆ ಬಹಳಷ್ಟು ಮಕ್ಕಳು 1/4 ದೊಡ್ಡದು ಎನ್ನುತ್ತಾರೆ, ಏಕೆಂದರೆ ಅವರು ಇಲ್ಲಿಯವರೆಗೆ ಕಲಿತ ಪೂರ್ಣಸಂಖ್ಯೆಗಳ ಲೋಕದಲ್ಲಿ ಮೂರಕ್ಕಿಂತ ನಾಲ್ಕು ದೊಡ್ಡದು. ಮಗು ಎಲ್ಲಿ ಎಡವುತ್ತದೆ ಎಂಬುದು ಮುಂಚೆಯೇ ಗೊತ್ತಿರುವ ಪಾಠವನ್ನು ಆರಿಸಿಕೊಂಡರೆ ಡೆಮೊ ಅರ್ಧ ಗೆದ್ದಂತೆ.

ನಿಮಿಷ ನಿಮಿಷಕ್ಕೆ ಏನು ಮಾಡಬೇಕು ಅಂತ ಒಂದು ಉದಾಹರಣೆ ಕೊಡ್ತೀರಾ?

ಮೊದಲು ಸಾಮಗ್ರಿ. ಎ4 ಕಾಗದದಿಂದ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ; ಒಂದು ಹಾಳೆಯಲ್ಲಿ ಏಳು ಪಟ್ಟಿ ಬರುತ್ತವೆ. 24 ಸೆಂ.ಮೀ. ಏಕೆಂದರೆ ಅದನ್ನು ಮೂರು, ನಾಲ್ಕು, ಆರು, ಎಂಟು ಭಾಗ ಮಾಡಿದರೂ ಪೂರ್ಣಸಂಖ್ಯೆಯೇ ಬರುತ್ತದೆ. ಹಲವರು ರೊಟ್ಟಿಯ ಅಥವಾ ವೃತ್ತದ ಚಿತ್ರ ಬರೆದು ಪಾಲು ಮಾಡುತ್ತಾರೆ, ಆದರೆ ವೃತ್ತವನ್ನು ಸರಿಯಾಗಿ ಮೂರು ಸಮಭಾಗ ಮಾಡುವುದು ಹಲಗೆಯ ಮೇಲೆ ಶಿಕ್ಷಕರಿಗೂ ಕಷ್ಟ. ಭಾಗಗಳು ಅಸಮವಾಗಿ ಕಂಡರೆ ಪಾಠದ ಬುಡವೇ ಅಲುಗುತ್ತದೆ. ಪಟ್ಟಿಯನ್ನು ನಾಲ್ಕು ಭಾಗ ಮಾಡಲು ಎರಡು ಸಲ ಮಡಚಿದರೆ ಸಾಕು. ಮೂರು ಭಾಗ ಮಡಚುವುದು ಮಕ್ಕಳಿಗೆ ಬಾರದು, ಆದ್ದರಿಂದ ಅರ್ಧದಷ್ಟು ಪಟ್ಟಿಗಳಲ್ಲಿ 8 ಮತ್ತು 16 ಸೆಂ.ಮೀ.ಗೆ ಮೊದಲೇ ಪೆನ್ಸಿಲ್ ಗುರುತು ಹಾಕಿಡಿ.

ಮೊದಲ ಎರಡು ನಿಮಿಷದಲ್ಲಿ ಹಲಗೆಯ ಮೇಲೆ 1/3 ಮತ್ತು 1/4 ಎಂದು ಮಾತ್ರ ಬರೆದು, ಯಾವುದು ದೊಡ್ಡದು ಎಂದು ಎಲ್ಲರೂ ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಎತ್ತಿ ಹಿಡಿಯಲಿ ಎಂದು ಹೇಳಿ. ಕೈ ಎತ್ತಿದ ಒಬ್ಬರನ್ನು ಕೇಳಿದರೆ ಒಬ್ಬರ ಉತ್ತರ ತಿಳಿಯುತ್ತದೆ. ಎತ್ತಿ ಹಿಡಿದ ಪುಸ್ತಕಗಳನ್ನು ನೋಡಿದರೆ ಇಡೀ ತರಗತಿಯ ತಿಳಿವಳಿಕೆ ಐದು ಸೆಕೆಂಡಿನಲ್ಲಿ ಕಾಣುತ್ತದೆ. ಸರಿ ಉತ್ತರವನ್ನು ಆಗ ಹೇಳಬೇಡಿ.

ಮುಂದಿನ ಐದು ನಿಮಿಷ ಇಬ್ಬಿಬ್ಬರಿಗೆ ಎರಡೆರಡು ಪಟ್ಟಿ. ಮೊದಲು ಎರಡೂ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಸಮ ಇವೆ ಎಂದು ಮಕ್ಕಳೇ ಖಚಿತಪಡಿಸಿಕೊಳ್ಳಲಿ. ಈ ಹೆಜ್ಜೆಯನ್ನು ಬಿಡಬೇಡಿ, ಏಕೆಂದರೆ ಹೋಲಿಸುವ ಪೂರ್ಣವಸ್ತು ಒಂದೇ ಅಳತೆಯದಾಗಿರಬೇಕು ಎಂಬುದೇ ಈ ಪಾಠದ ಅಡಿಗಲ್ಲು. ನಂತರ ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಭಾಗ ಮಡಚಿ, ಒಂದೊಂದು ಭಾಗಕ್ಕೆ ಬಣ್ಣ ಹಚ್ಚಿ, ಪಕ್ಕಪಕ್ಕದಲ್ಲಿಟ್ಟು ನೋಡಲಿ. ಒಂದು 8 ಸೆಂ.ಮೀ., ಇನ್ನೊಂದು 6 ಸೆಂ.ಮೀ. ಬರುತ್ತದೆ.

ಆಮೇಲೆ ಮೂರು ನಿಮಿಷ ಮಾತು. ನಾಲ್ಕು ದೊಡ್ಡ ಸಂಖ್ಯೆಯಾದರೂ ಪಾಲು ಏಕೆ ಸಣ್ಣದಾಯಿತು ಎಂದು ಕೇಳಿ, ಹೆಚ್ಚು ಪಾಲು ಮಾಡಿದಷ್ಟೂ ಒಂದೊಂದು ಪಾಲು ಸಣ್ಣದಾಗುತ್ತದೆ ಎಂಬ ಮಾತು ಮಕ್ಕಳ ಬಾಯಿಂದಲೇ ಬರುವವರೆಗೆ ಕಾಯಿರಿ. ಅವರು ಹೇಳಿದ ವಾಕ್ಯವನ್ನೇ ಹಲಗೆಯ ಮೇಲೆ ಬರೆಯಿರಿ. ಅಂಶ, ಛೇದ ಎಂಬ ಪದಗಳನ್ನು ಈಗ ಸೇರಿಸಬಹುದು. ಇನ್ನೆರಡು ನಿಮಿಷ ಪಟ್ಟಿಯಿಲ್ಲದೆ 1/5 ಮತ್ತು 1/6 ಹೋಲಿಸಲಿ. ಉಳಿದ ಮೂರು ನಿಮಿಷದಲ್ಲಿ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ "1/8 ಮತ್ತು 1/6 ಇವುಗಳಲ್ಲಿ ಸಣ್ಣದು ಯಾವುದು, ಏಕೆ" ಎಂದು ಬರೆದು ಕೊಡಲಿ. ದೊಡ್ಡದರ ಬದಲು ಸಣ್ಣದನ್ನು ಕೇಳುವುದರಿಂದ, ಯೋಚಿಸದೆ ಬರೆದವರು ಯಾರು ಎಂಬುದು ಹೊರಬೀಳುತ್ತದೆ. ಈ ಚೀಟಿಗಳನ್ನು ಬಿಸಾಡದೆ ಸಂದರ್ಶನದ ಕೋಣೆಗೆ ಜೊತೆಯಲ್ಲಿ ಒಯ್ಯಿರಿ.

ಪಾಠ ಯೋಜನೆ ಯಾವ ಪದ್ಧತಿಯಲ್ಲಿ ಬರೆಯಬೇಕು? ಬಿ.ಎಡ್.ನಲ್ಲಿ ಕಲಿತದ್ದೇ ಸಾಕೇ?

ಸಾಕು. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳ ಕ್ರಮ ನಮ್ಮ ಶಾಲೆಗಳಿಗೆ ಪರಿಚಿತವಾದದ್ದು, ಮೇಲಿನ ಪಾಠವೂ ಅದೇ ಕ್ರಮದಲ್ಲಿದೆ. ಒಂದು ಪುಟ ಮೀರದಿರಲಿ, ಎರಡು ಪ್ರತಿ ಮಾಡಿ ಒಂದನ್ನು ಸಮಿತಿಗೆ ಕೊಡಿ.

## ಪಾಠ ನಡೆಯುವಾಗ

ಮಗು ತಪ್ಪು ಉತ್ತರ ಕೊಟ್ಟರೆ ಸಮಿತಿಯವರ ಮುಂದೆ ಏನು ಮಾಡಲಿ?

ಮಗುವಿನ ತಪ್ಪು ಉತ್ತರವೇ ನಿಮ್ಮ ಪಾಠದಲ್ಲಿ ಸಮಿತಿ ಅತಿ ಗಮನವಿಟ್ಟು ನೋಡುವ ಕ್ಷಣ. 1/4 ದೊಡ್ಡದು ಎಂದ ಹುಡುಗಿಗೆ "ತಪ್ಪು, ಕೂಡು. ಬೇರೆ ಯಾರು ಹೇಳ್ತೀರಿ?" ಎಂದು ಮುಂದೆ ಹೋದರೆ ಆ ಮಗುವಿನ ತಿಳಿವಳಿಕೆ ಇದ್ದಲ್ಲಿಯೇ ಉಳಿಯಿತು, ಜೊತೆಗೆ ಉಳಿದವರೂ ಬಾಯಿ ಮುಚ್ಚಿದರು. ಸುಮ್ಮನೆ "ಪರವಾಗಿಲ್ಲ, ಒಳ್ಳೆಯ ಪ್ರಯತ್ನ" ಎಂದು ಬಿಟ್ಟರೂ ಅಷ್ಟೇ, ಆಕೆಗೆ ತಪ್ಪು ಎಲ್ಲಿದೆ ಎಂದು ತಿಳಿಯಲಿಲ್ಲ. ಮಾಡಬೇಕಾದದ್ದು ಹೀಗೆ:

"ಹೆಂಗ ಗೊತ್ತಾತು, ಹೇಳವ್ವಾ?"

"ಟೀಚರ್, ಮೂರಕ್ಕಿಂತ ನಾಕು ದೊಡ್ಡದಲ್ರಿ."

"ಹೌದು, ಮೂರಕ್ಕಿಂತ ನಾಲ್ಕು ದೊಡ್ಡದೇ. ಈಗ ಎರಡೂ ಪಟ್ಟಿ ಪಕ್ಕದಾಗ ಇಟ್ಟು, ಬಣ್ಣ ಹಚ್ಚಿದ ಭಾಗ ಯಾವುದು ಉದ್ದ ಐತಿ ನೋಡು."

ಇಲ್ಲಿ ಶಿಕ್ಷಕಿ ಮಗುವಿನ ಮಾತಿನಲ್ಲಿ ಸರಿಯಿದ್ದದ್ದನ್ನು ಒಪ್ಪಿಕೊಂಡರು, ಆಮೇಲೆ ತೀರ್ಪು ಕೊಡುವ ಕೆಲಸವನ್ನು ಪಟ್ಟಿಗೆ ಬಿಟ್ಟರು. ಎರಡು ನಿಮಿಷ ಕಳೆದ ಮೇಲೆ ಅದೇ ಹುಡುಗಿಯ ಬಳಿ ಮರಳಿ ಬಂದು 1/5 ಮತ್ತು 1/6ರ ಪ್ರಶ್ನೆಯನ್ನು ಕೇಳಬೇಕು. ಹೀಗೆ ಮರಳಿ ಬರುವವರು ಬಹಳ ಕಡಿಮೆ, ಆದ್ದರಿಂದ ಬಂದವರು ಕೂಡಲೇ ಎದ್ದು ಕಾಣುತ್ತಾರೆ.

ಪ್ರಶ್ನೆ ಕೇಳಿದೆ, ಯಾರೂ ಉತ್ತರಿಸಲಿಲ್ಲ, ಗಾಬರಿಯಾಗಿ ನಾನೇ ಹೇಳಿಬಿಟ್ಟೆ. ಇದು ದೊಡ್ಡ ತಪ್ಪೇ?

ಬಹುತೇಕ ಎಲ್ಲ ಶಿಕ್ಷಕರೂ ಮಾಡುವುದು ಇದನ್ನೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ದೀರ್ಘವಾಗಿ, ಕಾರಣಸಹಿತವಾಗಿ ಬರುತ್ತವೆಂದೂ ತೋರಿಸಿದರು. ಡೆಮೊದಲ್ಲಿ ಮೂರು ಸೆಕೆಂಡು ಬಹಳ ಉದ್ದವೆನಿಸುತ್ತದೆ, ಆದ್ದರಿಂದ ಮನಸ್ಸಿನಲ್ಲೇ ಎಣಿಸಿ. ಆಗಲೂ ಉತ್ತರ ಬಾರದಿದ್ದರೆ ಪ್ರಶ್ನೆ ದೊಡ್ಡದಾಗಿದೆ ಎಂದರ್ಥ: "ಏಕೆ ಸಣ್ಣದಾಯಿತು" ಎಂಬುದನ್ನು ಬಿಟ್ಟು "ಒಂದು ಪಟ್ಟಿಯನ್ನು ಹತ್ತು ಪಾಲು ಮಾಡಿದರೆ ಒಂದು ಪಾಲು ಇದಕ್ಕಿಂತ ದೊಡ್ಡದಾದೀತೇ, ಸಣ್ಣದಾದೀತೇ?" ಎಂದು ಇಳಿಸಿ ಕೇಳಿ.

ನಮ್ಮ ಧಾರವಾಡದ ಮಾತಿನಾಗ ಪಾಠ ಮಾಡಿದ್ರ ಮಾರ್ಕ್ಸ್ ಕಡಿಮಿ ಮಾಡತಾರೇನು?

ಹಲಗೆಯ ಬರವಣಿಗೆ ಮತ್ತು ಗಣಿತದ ಪದಗಳು ಪಠ್ಯಪುಸ್ತಕದ ಕನ್ನಡದಲ್ಲಿರಲಿ. ಮಗುವಿನ ಜೊತೆಗಿನ ಮಾತು ಮಗುವಿನ ಮಾತಿನಲ್ಲಿ ನಡೆದರೆ ಅದು ದೋಷವೆಂದು ನಾನು ಎಂದಿಗೂ ಎಣಿಸುವುದಿಲ್ಲ. ಹುಬ್ಬಳ್ಳಿಯ ತರಗತಿಯಲ್ಲಿ ಮನೆಯಲ್ಲಿ ಉರ್ದು ಅಥವಾ ಮರಾಠಿ ಆಡುವ ಮಕ್ಕಳಿರುತ್ತಾರೆ, ಗದಗ ಮತ್ತು ಹಾವೇರಿಯ ತಾಂಡಾಗಳಿಂದ ಲಂಬಾಣಿ ಆಡುವ ಮಕ್ಕಳು ಬರುತ್ತಾರೆ. ಅಂಥವರಿಗೆ ಛೇದ ಎಂಬ ಪದ ಹೇಗೆ ತಲುಪುತ್ತದೆ ಎಂದು ಸಮಿತಿ ಕೇಳಬಹುದು. ಪಟ್ಟಿಯನ್ನು ಮೊದಲು ಕೈಗೆ ಕೊಟ್ಟು ಪದವನ್ನು ಆಮೇಲೆ ಕೊಟ್ಟದ್ದು ಅದಕ್ಕಾಗಿಯೇ ಎಂದು ನೀವು ಹೇಳಬಹುದು. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಮಾತ್ರ ಕನ್ನಡ ಎಷ್ಟು ಬಳಸಬಹುದೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಶಾಲೆಯಿಂದ ಶಾಲೆಗೆ ಇದು ಬೇರೆಯಾಗುತ್ತದೆ.

## ತರಗತಿ ನಿರ್ವಹಣೆಯ ಪ್ರಶ್ನೆಗಳು

"ಹಿಂದಿನ ಬೆಂಚಿನವರು ಗಲಾಟೆ ಮಾಡಿದರೆ ಏನು ಮಾಡುತ್ತೀರಿ?" ಎಂದು ಕೇಳಿದಾಗ ಯಾವ ಉತ್ತರ ಕೊಡಬೇಕು?

"ಪ್ರೀತಿಯಿಂದ ತಿಳಿ ಹೇಳುತ್ತೇನೆ" ಎಂಬ ಉತ್ತರವನ್ನು ಸಮಿತಿಯವರು ಆ ದಿನ ಎಲ್ಲರಿಂದಲೂ ಕೇಳಿರುತ್ತಾರೆ. ಅವರಿಗೆ ಬೇಕಾದದ್ದು ಮೊದಲ ಹತ್ತು ಸೆಕೆಂಡಿನಲ್ಲಿ ನಿಮ್ಮ ಕಾಲು ಎಲ್ಲಿಗೆ ಹೋಗುತ್ತದೆ, ಬಾಯಿ ಏನು ಹೇಳುತ್ತದೆ ಎಂಬುದು.

ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಮಕ್ಕಳು ಪಟ್ಟಿ ಮಡಚುತ್ತಿದ್ದಾರೆ, ಕೊನೆಯ ಬೆಂಚಿನ ಇಬ್ಬರು ಹುಡುಗರು ಒಂದು ಸ್ಕೇಲಿಗಾಗಿ ಎಳೆದಾಡುತ್ತಿದ್ದಾರೆ. ಮುಂದಿನಿಂದಲೇ ಕೂಗಿದರೆ ಕೆಲಸ ಮಾಡುತ್ತಿದ್ದ ಉಳಿದವರೆಲ್ಲ ತಿರುಗಿ ನೋಡುತ್ತಾರೆ, ಇಬ್ಬರ ಗಲಾಟೆ ಇಡೀ ತರಗತಿಯದಾಗುತ್ತದೆ. ಅದರ ಬದಲು ಪಾಠದ ಮಾತನ್ನು ನಿಲ್ಲಿಸದೆ ಅವರ ಬೆಂಚಿನ ಬಳಿ ನಡೆದು ಹೋಗಿ ನಿಲ್ಲುತ್ತೇನೆ ಎನ್ನಿ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ಆಗದಿದ್ದರೆ ಅವರಿಬ್ಬರಿಗೆ ಮಾತ್ರ ಕೇಳುವ ದನಿಯಲ್ಲಿ "ನೀನು ಅಳತೆ ಮಾಡು, ನೀನು ಗುರುತು ಹಾಕು, ನಾನು ಎರಡು ನಿಮಿಷಕ್ಕೆ ಬಂದು ನೋಡುತ್ತೇನೆ" ಎಂದು ಕೆಲಸ ಹಂಚಬೇಕು, ಮತ್ತು ಎರಡು ನಿಮಿಷಕ್ಕೆ ನಿಜವಾಗಿಯೂ ಹೋಗಿ ನೋಡಬೇಕು.

ಇಷ್ಟು ಹೇಳಿದ ಕೂಡಲೇ "ಅದಕ್ಕೂ ಬಗ್ಗದಿದ್ದರೆ?" ಎಂಬ ಪ್ರಶ್ನೆ ಬರುವುದು ಖಚಿತ. ಆಗ ಜಾಗ ಬದಲಾಯಿಸುವುದು, ತರಗತಿ ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕೇಳುವುದು, ಅದೇ ನಡತೆ ಬೇರೆ ವಿಷಯದ ತರಗತಿಗಳಲ್ಲಿಯೂ ಇದೆಯೇ ಎಂದು ತರಗತಿ ಶಿಕ್ಷಕರನ್ನು ವಿಚಾರಿಸುವುದು, ಕೊನೆಗೆ ಪಾಲಕರನ್ನು ಕರೆಸುವುದು ಎಂಬ ಕ್ರಮದಲ್ಲಿ ಹೇಳಿ. ಮೊದಲ ಹೆಜ್ಜೆಯಲ್ಲಿಯೇ ಮುಖ್ಯೋಪಾಧ್ಯಾಯರ ಕೋಣೆಗೆ ಕಳಿಸುತ್ತೇನೆ ಎಂದರೆ, ತರಗತಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುತ್ತೇನೆ ಎಂದು ಹೇಳಿದ ಹಾಗಾಗುತ್ತದೆ.

ಇದರ ಹಿಂದಿನ ತಿಳಿವಳಿಕೆಯನ್ನು ಕೇಳಿದರೆ ಜೇಕಬ್ ಕೌನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಕೆಲಸವನ್ನು ಹೇಳಬಹುದು. ಅವರು 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಸ್ತಿನ ತರಗತಿಗೂ ಗದ್ದಲದ ತರಗತಿಗೂ ಇರುವ ವ್ಯತ್ಯಾಸ ಶಿಕ್ಷಕರು ಗದರಿಸುವ ರೀತಿಯಲ್ಲಿರಲಿಲ್ಲ. ಎಲ್ಲ ಮೂಲೆಗಳ ಮೇಲೂ ಅವರ ಕಣ್ಣಿದೆ ಎಂಬುದು ಮಕ್ಕಳಿಗೆ ತಿಳಿದಿರುವುದರಲ್ಲಿ ಮತ್ತು ಒಂದು ಕೆಲಸದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗುವುದರಲ್ಲಿತ್ತು. ನಿಮ್ಮ ಡೆಮೊದಲ್ಲಿಯೂ ಗದ್ದಲ ಏಳುವುದು ಪಟ್ಟಿ ಹಂಚುವಾಗಲೇ. ಆದ್ದರಿಂದ ಏನು ಮಾಡಬೇಕೆಂಬ ಸೂಚನೆಯನ್ನು ಪೂರ್ತಿ ಹೇಳಿ, ಒಬ್ಬ ಮಗುವಿನಿಂದ ಅದನ್ನು ತಿರುಗಿ ಹೇಳಿಸಿ, ಆಮೇಲೆ ಪಟ್ಟಿ ಹಂಚಿ. ಸಾಮಗ್ರಿ ಕೈಗೆ ಬಂದ ಮೇಲೆ ಸೂಚನೆ ಯಾರ ಕಿವಿಗೂ ಬೀಳುವುದಿಲ್ಲ.

"ಒಂದೇಟು ಹಾಕದೆ ಮಕ್ಕಳು ಕೇಳುವುದಿಲ್ಲ" ಎಂದು ಸಮಿತಿಯವರೇ ಅಂದರೆ ಒಪ್ಪಬೇಕೇ?

ಒಪ್ಪಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಎರಡನೆಯದನ್ನು ಹಲವರು ಮರೆಯುತ್ತಾರೆ: ಎಲ್ಲರೆದುರು ಹಂಗಿಸುವುದು, ಜಾತಿಯನ್ನೋ ಮನೆಯ ಬಡತನವನ್ನೋ ಎತ್ತಿ ಆಡುವುದು ಕೂಡ ಅದರಲ್ಲಿ ಬರುತ್ತದೆ. ಈ ಪ್ರಶ್ನೆಯನ್ನು ಕೆಲವರು ನಿಮ್ಮನ್ನು ಪರೀಕ್ಷಿಸಲೆಂದೇ ಕೇಳುತ್ತಾರೆ, ಕೆಲವರು ನಂಬಿಯೇ ಕೇಳುತ್ತಾರೆ. ಉತ್ತರ ಎರಡೂ ಕಡೆ ಒಂದೇ ಇರಲಿ: "ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ, ನಾನೂ ಹೊಡೆಯುವುದಿಲ್ಲ. ಅದರ ಬದಲು ನಾನು ಮಾಡುವುದು ಇದು" ಎಂದು ಹೇಳಿ ಮೇಲಿನ ಕ್ರಮವನ್ನು ವಿವರಿಸಿ. ಹೊಡೆಯಲೇಬೇಕೆಂದು ಪಟ್ಟು ಹಿಡಿಯುವ ಶಾಲೆಯಾದರೆ ಅಲ್ಲಿ ಸೇರುವ ಬಗ್ಗೆ ನೀವೇ ಮತ್ತೊಮ್ಮೆ ಯೋಚಿಸಬೇಕು, ಏಕೆಂದರೆ ದೂರು ಬಂದ ದಿನ ಉತ್ತರ ಕೊಡಬೇಕಾದವರು ಶಿಕ್ಷಕರೇ.

ಒಂದು ಮಗು ತರಗತಿಯಲ್ಲಿ ದಿನಾ ನಿದ್ದೆ ಮಾಡುತ್ತದೆ, ಅಥವಾ ವಾರಗಟ್ಟಲೆ ಬರುವುದೇ ಇಲ್ಲ. ಇದನ್ನೂ ಕೇಳುತ್ತಾರೆಯೇ?

ಹಾವೇರಿಯ ಕಡೆಯ ಶಾಲೆಗಳಲ್ಲಿ ಖಂಡಿತ ಕೇಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ ಹೋಗುವ, ಇಲ್ಲವೇ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಕ್ಕಳಿದ್ದಾರೆ. ಆದ್ದರಿಂದ ಮೊದಲು ಕಾರಣ ಹುಡುಕುತ್ತೇನೆ ಎನ್ನಿ: ಊಟ ಮಾಡಿ ಬಂದಿದೆಯೇ, ಎಷ್ಟು ಗಂಟೆಗೆ ಎದ್ದಿದೆ, ಹಾಜರಿ ಪುಸ್ತಕದಲ್ಲಿ ಯಾವ ವಾರಗಳು ಖಾಲಿಯಿವೆ. ಮರಳಿ ಬಂದ ಮಗುವಿಗೆ ತಪ್ಪಿದ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಸುವುದರಿಂದ ಪ್ರಯೋಜನವಿಲ್ಲ. ಮುಂದಿನ ಪಾಠಕ್ಕೆ ಅತ್ಯಗತ್ಯವಾದ ಒಂದು ಕಲಿಕಾಂಶವನ್ನು, ಉದಾಹರಣೆಗೆ ಸಮಭಾಗ ಮಾಡುವುದನ್ನು, ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿ ಮಾಡಿಸುವುದು ಸಾಧ್ಯವಿರುವ ಕೆಲಸ.

## ಮುಂದುವರಿದ ಪ್ರಶ್ನೆಗಳು

ಡೆಮೊ ಆದ ಮೇಲೆ "ನಿಮ್ಮ ಪಾಠ ಹೇಗಾಯಿತು?" ಎಂದು ಕೇಳಿದರು. ಚೆನ್ನಾಗಾಯಿತು ಅನ್ನಬೇಕೋ, ಇಲ್ಲ ಅನ್ನಬೇಕೋ?

ಎರಡೂ ಬೇಡ, ಚೀಟಿಗಳನ್ನು ಮೇಜಿನ ಮೇಲೆ ಇಡಿ. ಹದಿನೆಂಟು ಚೀಟಿಗಳಲ್ಲಿ ಹನ್ನೊಂದರಲ್ಲಿ ಉತ್ತರವೂ ಕಾರಣವೂ ಸರಿಯಿವೆ, ನಾಲ್ಕರಲ್ಲಿ 1/8 ಎಂದು ಸರಿಯಾಗಿ ಬರೆದಿದ್ದರೂ ಕಾರಣವಿಲ್ಲ, ಮೂರರಲ್ಲಿ 1/6 ಎಂದಿದೆ ಎಂದು ಭಾವಿಸೋಣ. ಆಗ ಹೀಗೆ ಹೇಳಬಹುದು: "ಈ ಮೂವರಿಗೆ ನಾಳೆ ಮತ್ತೆ ಪಟ್ಟಿ ಬೇಕು. ಈ ನಾಲ್ವರು ನಿಯಮವನ್ನು ಹಿಡಿದಿದ್ದಾರೆ, ಅರ್ಥ ಹಿಡಿದಿದ್ದಾರೆಯೇ ಎಂಬುದು ಖಚಿತವಿಲ್ಲ, ಅವರನ್ನು ಬಾಯಿಮಾತಿನಲ್ಲಿ ಕೇಳುತ್ತೇನೆ." ಮಕ್ಕಳಿಲ್ಲದ ಡೆಮೊ ಆಗಿದ್ದರೆ, ನಿಜವಾದ ತರಗತಿಯಲ್ಲಿ ಯಾವ ಹಂತ ಹೆಚ್ಚು ಸಮಯ ತಿನ್ನುತ್ತಿತ್ತು ಎಂದು ಹೇಳಿ. ಈ ಪಾಠದಲ್ಲಿ ಅದು ಮಡಚುವ ಹಂತ.

"ಮುಂದಿನ ಪಾಠ ಏನು?" ಎಂದು ಕೇಳಿದಾಗ ಪಠ್ಯಪುಸ್ತಕದ ಮುಂದಿನ ಪುಟವನ್ನು ಹೇಳಿದರೆ ಸಾಲದೇ?

ವಿಷಯ ಬಲ್ಲ ಸಮಿತಿಗೆ ಸಾಲದು. ಛೇದ ದೊಡ್ಡದಾದರೆ ಭಿನ್ನರಾಶಿ ಸಣ್ಣದು ಎಂಬುದನ್ನು ಮಕ್ಕಳು ಬಹುಬೇಗ ಎಲ್ಲ ಕಡೆ ಹಚ್ಚುವ ನಿಯಮವಾಗಿ ಮಾಡಿಕೊಳ್ಳುತ್ತಾರೆ. ಅವರಿಗೆ 3/8 ಮತ್ತು 1/4 ಕೊಟ್ಟು ನೋಡಿ: ಎಂಟು ದೊಡ್ಡದು, ಆದ್ದರಿಂದ 3/8 ಸಣ್ಣದು ಎನ್ನುತ್ತಾರೆ. ನಿಮ್ಮ ಪಾಠವೇ ಹುಟ್ಟಿಸಿದ ಈ ಹೊಸ ತಪ್ಪನ್ನು ನೀವೇ ಮುಂಚಿತವಾಗಿ ಗುರುತಿಸಿ ಹೇಳಿದರೆ, ಅದಕ್ಕಿಂತ ಬಲವಾದ ಉತ್ತರ ಈ ಪ್ರಶ್ನೆಗೆ ಇಲ್ಲ ಎಂದು ನನಗನ್ನಿಸುತ್ತದೆ. ಪರಿಹಾರವೂ ಕೈಯಲ್ಲೇ ಇದೆ. ಅದೇ 24 ಸೆಂ.ಮೀ. ಪಟ್ಟಿಯನ್ನು ಮೂರು ಸಲ ಮಡಚಿದರೆ ಎಂಟು ಭಾಗ, ಒಂದೊಂದು 3 ಸೆಂ.ಮೀ.; ಅಂಥ ಮೂರು ಭಾಗ ಸೇರಿ 9 ಸೆಂ.ಮೀ. ಆಗುತ್ತದೆ, 1/4 ಭಾಗವಾದರೋ 6 ಸೆಂ.ಮೀ. ಪಾಲಿನ ಗಾತ್ರದ ಜೊತೆಗೆ ಎಷ್ಟು ಪಾಲು ತೆಗೆದುಕೊಂಡೆವು ಎಂಬುದನ್ನೂ ನೋಡಬೇಕು ಎಂಬಲ್ಲಿಂದ ಮುಂದಿನ ಪಾಠ ಆರಂಭವಾಗುತ್ತದೆ.

ಇನ್ನೂ ಕೆದಕಿ ಕೇಳುವವರಿದ್ದರೆ ಅಳತೆ ಬೇರೆಯಿರುವ ಎರಡು ಪಟ್ಟಿಗಳ ಪ್ರಶ್ನೆಯನ್ನು ತೋರಿಸಿ: 12 ಸೆಂ.ಮೀ. ಪಟ್ಟಿಯ 1/3 ಭಾಗ 4 ಸೆಂ.ಮೀ., 24 ಸೆಂ.ಮೀ. ಪಟ್ಟಿಯ 1/4 ಭಾಗ 6 ಸೆಂ.ಮೀ. ಹಾಗಾದರೆ 1/4 ದೊಡ್ಡದಾಯಿತೇ ಎಂದು ಮಕ್ಕಳನ್ನು ಕೇಳಿದರೆ, ಆರಂಭದಲ್ಲಿ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ್ದು ಏಕೆ ಎಂಬುದು ಅವರಿಗೇ ಹೊಳೆಯುತ್ತದೆ.

ಕೊನೆಗೆ "ನಿಮಗೇನಾದರೂ ಕೇಳುವುದಿದೆಯೇ?" ಅಂದಾಗ ಸಂಬಳ ಬಿಟ್ಟು ಏನು ಕೇಳಬಹುದು?

ಸಂಬಳವನ್ನೂ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಅದರ ಜೊತೆಗೆ ತರಗತಿಯಲ್ಲಿ ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಅವಧಿ, ಮಕ್ಕಳ ನಡತೆಯ ತೊಂದರೆ ಬಂದಾಗ ಶಾಲೆಯಲ್ಲಿ ಈಗ ಯಾವ ಕ್ರಮವಿದೆ, ಪಾಲಕರ ಜೊತೆ ಮಾತಾಡುವವರು ತರಗತಿ ಶಿಕ್ಷಕರೋ ಕಚೇರಿಯವರೋ ಎಂದು ಕೇಳಿ. ನಲವತ್ತೈದು ಮಕ್ಕಳಿದ್ದಾರೆ ಎಂಬ ಉತ್ತರ ಬಂದರೆ, ನೀವು ಮಾಡಿದ ಪಾಠಕ್ಕೆ ಏಳು ಹಾಳೆ ಕಾಗದ ಬೇಕಾಗುತ್ತದೆ ಮತ್ತು ಪಟ್ಟಿ ಹಂಚಲು ಸಾಲಿಗೊಬ್ಬ ಮಗುವಿನ ಸಹಾಯ ಬೇಕಾಗುತ್ತದೆ ಎಂಬ ಲೆಕ್ಕವನ್ನು ಅಲ್ಲಿಯೇ ಮಾಡಿ ಹೇಳಬಹುದು.